ಜೋನಿ ಬೆಲ್ಲದ ಪ್ರಶ್ನೆಗೆ ತಡವಾಗಿ ಕೊಟ್ಟ ಉತ್ತರ

ಜೇನು ಸಾಕುವವರ ನಮ್ಮ ಸಂಘದ ಫೋನಿಗೆ ಬರುವ ಮೆಸೇಜುಗಳಲ್ಲಿ ಹೆಚ್ಚಿನವು ನಮಸ್ಕಾರದಿಂದಲೇ ಶುರುವಾಗುತ್ತವೆ. ಕೆಲವರು ಕೈಮುಗಿದ ಚಿತ್ರ ಹಾಕುತ್ತಾರೆ, ಕೆಲವರು ಗುಲಾಬಿ ಹೂವಿನ ಮೇಲೆ ಬರೆದ ಶುಭೋದಯ ಕಳಿಸುತ್ತಾರೆ. ಆಮೇಲೆ ಒಂದೇ ಉಸಿರಿಗೆ ಪ್ರಶ್ನೆ. ಆ ಬೆಳಿಗ್ಗೆ ಬಂದಿದ್ದು ಬರೀ ಇಷ್ಟು: 'ನಮಸ್ಕಾರ.'

ಕೊನೆಗೊಂದು ಚುಕ್ಕಿ. ಹಿಂದಿಲ್ಲ, ಮುಂದಿಲ್ಲ.

ಸಾಗರದ ಆಫೀಸಿನಲ್ಲಿ ಕೂತು ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನ ಸದಸ್ಯರ ಮೆಸೇಜಿಗೆ ಉತ್ತರ ಬರೆಯುವುದು ನನ್ನ ಕೆಲಸ. ಬಂದ ಕೂಡಲೇ ಕಿಟಕಿ ತೆಗೆದು, ಫೋನು ಚಾರ್ಜಿಗೆ ಹಾಕಿ, ಫ್ಲಾಸ್ಕಿನ ಕಷಾಯ ಲೋಟಕ್ಕೆ ಬಗ್ಗಿಸಿಕೊಂಡು ಕೂರುತ್ತೇನೆ. ಅವತ್ತು ಕಷಾಯ ಬಗ್ಗಿಸುವಷ್ಟರಲ್ಲಿ ಫೋನು ನನ್ನನ್ನು ಕೇಳದೆ ತಾನೇ ಉತ್ತರ ಕೊಟ್ಟುಬಿಟ್ಟಿತ್ತು. ಹೊಸಬರಿಗೂ, ಎರಡು ವಾರ ಸುಮ್ಮನಿದ್ದು ಮತ್ತೆ ಬರೆದವರಿಗೂ ಸ್ವಾಗತ ತಾನಾಗಿಯೇ ಹೋಗುವಂತೆ ನಮ್ಮ ಕಾರ್ಯದರ್ಶಿಗಳು ಹೊಂದಿಸಿಟ್ಟಿದ್ದರು. 'ನಮಸ್ಕಾರ! ಜೇನು ಕೃಷಿಕರ ಸಹಾಯವಾಣಿಗೆ ಆತ್ಮೀಯ ಸ್ವಾಗತ. ನಿಮ್ಮ ಸೇವೆಯೇ ನಮ್ಮ ಸಂತೋಷ.' ಜೊತೆಗೆ ಎರಡು ಜೇನುಹುಳದ ಚಿತ್ರ.

ಆ ಕಡೆಯಿಂದ ಒಂದೇ ಪದ ಬಂತು: 'ಗೊತ್ತಿತ್ತು.'

ನನಗೆ ನಗು ಬಂತು, ಆದರೆ ಅದು ನಗುವ ಮಾತಾಗಿರಲಿಲ್ಲ. ಮುನಿಸಿಕೊಂಡವರು ಬೈದರೆ ಪರವಾಗಿಲ್ಲ, ಬೈಯುವವರಿಗೆ ಇನ್ನೂ ನಮ್ಮ ಮೇಲೆ ಒಂದಿಷ್ಟು ಆಸೆ ಇರುತ್ತದೆ. 'ಗೊತ್ತಿತ್ತು' ಅನ್ನುವವರು ಬಾಗಿಲಲ್ಲಿ ನಿಂತು, ಒಳಗೆ ಬರಲೋ ಬೇಡವೋ ಎಂದು ಚಪ್ಪಲಿಯನ್ನೂ ಬಿಡದೆ ನೋಡುತ್ತಿರುತ್ತಾರೆ.

ಉತ್ತರ ಬರೆಯುವ ಮೊದಲು ಹಳೆಯ ಮಾತುಕತೆಯನ್ನು ಮೇಲಕ್ಕೆ ಸರಿಸಿ ಓದಿದೆ. ಇವರು ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಆಚೆಯ ಒಂದು ಹಳ್ಳಿಯವರು, ನಿವೃತ್ತ ಬಸ್ ಕಂಡಕ್ಟರ್. ಮೂರು ವಾರದ ಹಿಂದೆ ಕೇಳಿದ್ದರು: 'ನಮ್ಮಲ್ಲಿ ಐದು ಪೆಟ್ಟಿಗೆ ತುಡುವೆ ಜೇನಿದೆ. ಮಳೆ ಹಿಡಿದಿದೆ, ಹೂವಿಲ್ಲ. ಸಕ್ಕರೆ ಬದಲು ಮನೆಯ ಜೋನಿ ಬೆಲ್ಲ ಕೊಡಬಹುದೋ ಬಾರದೋ?'

ನಾನು ಆಗ ಅತ್ತೆಯವರ ಕಣ್ಣಿನ ಆಪರೇಷನ್ ಎಂದು ರಜೆಯಲ್ಲಿದ್ದೆ. ಫೋನು ನಮ್ಮ ಲೆಕ್ಕ ನೋಡುವವರ ಕೈಯಲ್ಲಿತ್ತು. ಪಾಪ, ಒಳ್ಳೆಯ ಮನುಷ್ಯ, ಆದರೆ ಜೇನಿನ ವಿಷಯದಲ್ಲಿ ತುಪ್ಪ ತಿಂದು ಮಾತ್ರ ಗೊತ್ತು. ಕಾರ್ಯದರ್ಶಿಗಳು ಮೊದಲೇ ಬರೆದಿಟ್ಟ ಸಿದ್ಧ ಉತ್ತರಗಳಿರುತ್ತವೆ, ಒಂದು ಓರೆಗೆರೆ ಒತ್ತಿದರೆ ಅವುಗಳ ಸಾಲು ತೆರೆದುಕೊಳ್ಳುತ್ತದೆ, ಬೇಕಾದ್ದನ್ನು ಮುಟ್ಟಿದರೆ ಸಾಕು. 'ಮಳೆ' ಎಂಬ ಪದ ಕಂಡ ಲೆಕ್ಕದವರು 'ಮಳೆಗಾಲದ ಆರೈಕೆ' ಮುಟ್ಟಿದ್ದರು: 'ಮಾನ್ಯರೇ, ಮಳೆಗಾಲದಲ್ಲಿ ಹೂವಿನ ಅಭಾವವಿರುವುದರಿಂದ ಜೇನು ಕುಟುಂಬಗಳಿಗೆ ಪೂರಕವಾಗಿ ಸಿಹಿ ದ್ರಾವಣ ನೀಡುವುದು ಸೂಕ್ತ.'

ಕಂಡಕ್ಟರು ಬಿಟ್ಟಿರಲಿಲ್ಲ. 'ಅದು ಗೊತ್ತು ಮಾರಾಯ್ರೆ. ಜೋನಿ ಕೊಡಬಹುದೋ ಬಾರದೋ?'

ಮತ್ತೆ ಅದೇ ಉತ್ತರ ಹೋಗಿತ್ತು. ಮಾನ್ಯರೇ, ಮಳೆಗಾಲದಲ್ಲಿ ಹೂವಿನ ಅಭಾವವಿರುವುದರಿಂದ.

ಅಲ್ಲಿಗೆ ಮಾತು ನಿಂತಿತ್ತು.

ನಮ್ಮ ಕಡೆಯವರಿಗೆ ಜೋನಿ ಎಂದರೆ ಏನೆಂದು ಹೇಳಬೇಕಾಗಿಲ್ಲ. ಕಬ್ಬಿನ ಹಾಲು ಕಾಯಿಸಿ, ಗಟ್ಟಿ ಅಚ್ಚಿಗೆ ಹೋಗುವ ಮೊದಲೇ ಇಳಿಸಿ ಡಬ್ಬಕ್ಕೆ ತುಂಬಿದ ನೀರು ಬೆಲ್ಲ. ದೋಸೆಗೆ ಅದು, ಮಕ್ಕಳಿಗೆ ಅದು, ಬಂದ ನೆಂಟರಿಗೂ ಅದೇ. ಅಂಗಡಿಯ ಬಿಳಿ ಸಕ್ಕರೆಯ ಮೇಲೆ ನಂಬಿಕೆ ಇಲ್ಲದ ಮನೆಗಳಲ್ಲಿ, ಹುಳಕ್ಕೆ ಪ್ರೀತಿಯಿಂದ ಒಳ್ಳೆಯದನ್ನೇ ಕೊಡೋಣ ಎಂದು ಜೋನಿ ಕೊಟ್ಟುಬಿಡುತ್ತಾರೆ. ಬೇರೆ ಊರಿನವರಿಗೆ ಈ ತಪ್ಪು ಮಾಡಲು ಬರುವುದಿಲ್ಲ, ಅವರ ಮನೆಯಲ್ಲಿ ಜೋನಿಯೇ ಇರುವುದಿಲ್ಲ. ಆದರೆ ಬೆಲ್ಲದಲ್ಲಿ ಜೇನಿಗೆ ಅರಗದ ಕಸರು, ಲವಣ ಬಹಳ. ಅದು ಹುಳದ ಹೊಟ್ಟೆಯಲ್ಲಿ ಉಳಿದು ತುಂಬಿಕೊಳ್ಳುತ್ತದೆ. ಆರೋಗ್ಯದ ಜೇನು ಗೂಡಿನೊಳಗೆ ಹೊಲಸು ಮಾಡುವುದಿಲ್ಲ, ಹೊರಗೆ ಹಾರಿಯೇ ಹೊಟ್ಟೆ ಖಾಲಿ ಮಾಡುತ್ತದೆ. ಬಿಡದ ಮಳೆಯಲ್ಲಿ ಹಾರುವುದು ಹೇಗೆ? ತಡೆಯುವಷ್ಟು ತಡೆದು ಕೊನೆಗೆ ಪೆಟ್ಟಿಗೆಯ ಬಾಯಲ್ಲೇ, ಮರಿ ತುಪ್ಪ ಇರುವ ಮೇಣದ ಎರಿಯ ಮೇಲೇ ಭೇದಿ ಮಾಡಿಕೊಂಡು ಸಾಯುತ್ತದೆ.

ನಾವು 'ಸಿಹಿ ದ್ರಾವಣ' ಎಂದಿದ್ದೆವು. ಜೋನಿಯೂ ಸಿಹಿ, ನೀರು ಬೆರೆಸಿದರೆ ಅದೂ ದ್ರಾವಣವೇ. ಅವರು ಕೊಟ್ಟೇ ಇರುತ್ತಾರೆ ಎನ್ನಿಸಿತು.

ಏನು ಬರೆಯಲಿ? ಮೊದಲು ಬೆರಳಿಗೆ ಬಂದಿದ್ದು 'ಹೇಳಿ ಸರ್, ಏನು ಸಹಾಯ ಬೇಕಿತ್ತು?' ಅದನ್ನು ಅಳಿಸಿದೆ. ಅವರು ಹೇಳಿಯಾಗಿದೆ, ಅದೂ ಎರಡು ಸಲ. ಮೂರನೇ ಸಲ ಹೇಳಿಸಿದರೆ ಹಿಂದಿನದನ್ನು ನಾವು ಓದಿಯೇ ಇಲ್ಲ ಎಂದಾಗುತ್ತದೆ. ಆಮೇಲೆ ಕ್ಷಮೆ ಕೇಳುತ್ತ ನಾಲ್ಕು ಸಾಲು ಬರೆದೆ: ಸಿಬ್ಬಂದಿ ರಜೆಯಲ್ಲಿದ್ದರು, ಆದ ತೊಂದರೆಗೆ ವಿಷಾದಿಸುತ್ತೇವೆ, ಇನ್ನು ಮುಂದೆ ಹೀಗಾಗದು. ಓದಿ ನೋಡಿದರೆ ಎಲ್ಲವೂ ನಮ್ಮ ಕಥೆಯೇ, ಅವರ ಜೇನು ಅದರಲ್ಲಿ ಎಲ್ಲೂ ಇಲ್ಲ. ಅದನ್ನೂ ಅಳಿಸಿದೆ. 'ಚಿಂತೆ ಬೇಡ, ಸರಿ ಮಾಡೋಣ' ಎಂದು ಬರೆದು ಅದನ್ನೂ ತೆಗೆದೆ. ಪೆಟ್ಟಿಗೆಯ ಸ್ಥಿತಿ ನೋಡದೆ ಸರಿಯಾಗುತ್ತದೆ ಎಂದು ನಾನು ಹೇಗೆ ಹೇಳಲಿ?

ಪಕ್ಕದ ಮೇಜಿನಿಂದ ನೋಡುತ್ತಿದ್ದ ಲೆಕ್ಕದವರು ಕೇಳಿದರು, "ಎಂತ ಮೇಡಂ, ಒಂದು ನಮಸ್ಕಾರಕ್ಕೆ ಇಷ್ಟು ಹೊತ್ತಾ? ತಿರುಗಿ ನಮಸ್ಕಾರ ಅಂದ್ರಾಯ್ತಪ್ಪ."

"ನೀವು ಎರಡು ಸಲ ಮಾನ್ಯರೇ ಅಂದಿದ್ದೀರಿ. ಈಗ ನಮಸ್ಕಾರ ತುಟ್ಟಿಯಾಗಿದೆ" ಎಂದೆ.

ಕೊನೆಗೆ ಎರಡೇ ಸಾಲು ಬರೆದೆ.

'ನಮಸ್ಕಾರ, ಜೋನಿ ಕೊಡಬಹುದಾ ಅಂತ ನೀವು ಎರಡು ಸಲ ಕೇಳಿದ್ರಿ, ನಾವು ಉತ್ತರಾನೇ ಕೊಡಲಿಲ್ಲ. ಉತ್ತರ "ಕೊಡಬಾರದು", ಈಗಾಗಲೇ ಕೊಟ್ಟಿದ್ದೀರಾ?'

ಕಳಿಸಿದ ಮೇಲೆ ಎರಡು ಗೆರೆ ನೀಲಿಯಾದವು. 'ಟೈಪ್ ಮಾಡುತ್ತಿದ್ದಾರೆ' ಎಂದು ಬಂತು, ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಕಷಾಯ ಆರಿತು.

'ಕೊಟ್ಟಾಯ್ತು' ಎಂದು ಬಂತು. ಅದರ ಬೆನ್ನಿಗೆ, 'ಇದು ಮನುಷ್ಯರು ಬರೆದಿದ್ದಾ?'

'ಹೌದು. ಜೇನು ಸಾಕಿ ಕಡಿಸಿಕೊಂಡವಳೇ' ಎಂದೆ.

ಫೋನೇ ಬಂತು. ಗಡುಸು ದನಿ, ನಡುನಡುವೆ ಸಿಗ್ನಲ್ ಕಡಿದು ಹೋಗುತ್ತಿತ್ತು. "ಅಮ್ಮಾ, ಮೂವತ್ತು ವರ್ಷ ಬಸ್ಸಲ್ಲಿ ಜನರ ಹತ್ರ ಮಾತಾಡಿದವ ನಾನು. ಚಿಲ್ಲರೆ ಇಲ್ಲ ಅಂತಾದ್ರೂ ಬಾಯಿ ಬಿಟ್ಟು ಹೇಳ್ತಿದ್ದೆ. ನೀವು ಅದನ್ನೂ ಹೇಳಲಿಲ್ಲವಲ್ಲ!"

"ಸರಿಯಾದ ಮಾತು. ಈಗ ಪೆಟ್ಟಿಗೆ ಹೇಗಿದೆ ಹೇಳಿ ಅಣ್ಣ."

ಹೇಳಿದರು. ಬಾಗಿಲ ಮುಂದೆ ಕಂದು ಬಣ್ಣದ ಕಲೆ, ನೆಲದ ಮೇಲೆ ಹೊಟ್ಟೆ ಉಬ್ಬಿದ ಹುಳಗಳು ತೆವಳುತ್ತಿವೆ, ಒಂದು ಪೆಟ್ಟಿಗೆ ಹೆಚ್ಚುಕಮ್ಮಿ ಖಾಲಿ. ನಿಜವಾದ ತುರ್ತು ಆಮೇಲೆ ಬಂತು. ಪಕ್ಕದ ತೋಟದವರ ಹತ್ತಿರವೂ ಜೇನಿದೆ, ಇವರಿಗಿಂತ ಮೂರು ಪಟ್ಟು. ಅವರು ಬಂದು ನೋಡಿ, ಇದು ಮರಿಗಳನ್ನು ಕೊಲ್ಲುವ ಅಂಟುರೋಗ, ನನ್ನ ಪೆಟ್ಟಿಗೆಗೂ ಹಬ್ಬುತ್ತೆ, ಸಂಜೆ ಹುಳವೆಲ್ಲ ಒಳಗೆ ಸೇರಿದ ಮೇಲೆ ಐದನ್ನೂ ಸುಡಿ ಎಂದಿದ್ದಾರೆ. ಇವರು ಒಪ್ಪಿಯೂ ಆಗಿದೆ. ಸೀಮೆಎಣ್ಣೆ ಜಗಲಿ ಮೇಲೆ ಬಂದು ಕೂತಿದೆ.

"ಸುಡೋ ಮುಂಚೆ ಒಂದು ಸಲ ಕೇಳಿ ಅಂತ ನಮ್ಮನೆಯವಳು ಹಠ ಮಾಡಿದ್ಲು. ಅದಕ್ಕೇ ನಮಸ್ಕಾರ ಹಾಕಿದ್ದು. ಇಲ್ಲಾಂದ್ರೆ ನಿಮ್ಮನ್ನ ಕೇಳ್ತಿರಲಿಲ್ಲ ನಾನು."

ಈ ಅಂಟುರೋಗ ಸುಳ್ಳಲ್ಲ. ಥಾಯ್ ಸ್ಯಾಕ್‌ಬ್ರೂಡ್ ಎನ್ನುತ್ತಾರೆ, ನಮ್ಮ ತುಡುವೆಯನ್ನು ಒಂದು ಕಾಲದಲ್ಲಿ ಗುಡಿಸಿಕೊಂಡೇ ಹೋಗಿತ್ತು, ಈಗಲೂ ಅಲ್ಲಲ್ಲಿ ತಲೆ ಎತ್ತುತ್ತದೆ. ಪಕ್ಕದವರ ಹೆದರಿಕೆಯೂ ನ್ಯಾಯವೇ. ಸಂಘದ ಕ್ಷೇತ್ರ ತಜ್ಞರಿಗೆ ಫೋನು ಮಾಡಿದೆ. ಅವರು ಅವತ್ತು ಆಗುಂಬೆ ಕಡೆ ಹೋಗಿದ್ದರು, ವ್ಯಾಪ್ತಿ ಪ್ರದೇಶದ ಹೊರಗೆ. ಮೆಸೇಜು ಹಾಕಿದೆ, ಒಂದೇ ಗೆರೆಯಲ್ಲಿ ನಿಂತಿತು.

ಸುಡಬೇಡಿ ಎಂದು ನಾನು ಹೇಳಿ ಅದು ಅಂಟುರೋಗವೇ ಆಗಿದ್ದರೆ ಎರಡು ಮನೆಯ ಜೇನೂ ಹೋಗುತ್ತದೆ. ತಜ್ಞರು ಬರಲಿ ಎಂದು ಸುಮ್ಮನಾದರೆ ಸಂಜೆ ಐದೂ ಬೂದಿ. ಇನ್ನೊಂದು ಸಲ ಜಾರಿಕೊಂಡ ಹಾಗೂ ಆಗುತ್ತದೆ. ಗೊತ್ತಿರುವುದಿಷ್ಟು, ಗೊತ್ತಿಲ್ಲದ್ದಿಷ್ಟು ಎಂದು ಬಿಡಿಸಿ ಹೇಳಿಬಿಡುವುದೆಂದು ನಿರ್ಧರಿಸಿದೆ.

"ಅಣ್ಣ, ನೀವು ಹೇಳಿದ ಕಲೆ ನೋಡಿದ್ರೆ ಜೋನಿಯ ಭೇದಿ ಇರಬೇಕು ಅನ್ಸುತ್ತೆ. ಆದರೆ ಅಂಟುರೋಗ ಇಲ್ಲ ಅಂತ ಮರಿ ನೋಡದೆ ನಾನು ಹೇಳಲಾರೆ. ಭೇದಿ ಹಿಡಿಯೋದು ದೊಡ್ಡ ಹುಳಕ್ಕೆ, ಆ ರೋಗ ಹಿಡಿಯೋದು ಮರಿಗೆ. ಮಳೆ ಸ್ವಲ್ಪ ಹೊಳವು ಕೊಟ್ಟಾಗ ಒಂದು ಎರಿ ಎತ್ತಿ ನೋಡ್ತೀರಾ? ಕತ್ತಲಾಗೋಕೆ ಇನ್ನೂ ಹೊತ್ತಿದೆ."

"ಮಳೇಲಿ ಪೆಟ್ಟಿಗೆ ತೆಗಿಬಾರ್ದು ಅಂತೀರಿ ನೀವೇ."

"ಹೌದು, ತೆಗಿಬಾರ್ದು. ಸುಡೋದಕ್ಕಿಂತ ಒಳ್ಳೇದಲ್ವಾ?"

ಆ ಕಡೆ ಹೆಂಗಸಿನ ನಗು ಕೇಳಿತು. "ನಾ ಕೊಡೆ ಹಿಡೀತೆ ಅಂತ ಹೇಳಿ ಅವ್ರಿಗೆ" ಎಂದರು ಮನೆಯಾಕೆ.

ಮಧ್ಯಾಹ್ನದ ಮೇಲೆ ಒಂದು ಹೊಳವು ಸಿಕ್ಕಿತಂತೆ. ಏನು ನೋಡಬೇಕೆಂದು ಮೊದಲೇ ಬರೆದು ಕಳಿಸಿದ್ದೆ. ಆರೋಗ್ಯದ ಎಳೆಮರಿ ಮುತ್ತಿನ ಹಾಗೆ ಬಿಳಿ, ಎರಿಯ ಪುಟ್ಟ ಕೋಣೆಯ ತಳದಲ್ಲಿ ಸುತ್ತಿಕೊಂಡು ಮಲಗಿರುತ್ತದೆ. ರೋಗದ ಮರಿ ಕೋಣೆಯಲ್ಲಿ ಉದ್ದಕ್ಕೆ ಚಾಚಿ ಸತ್ತಿರುತ್ತದೆ, ಮೊದಲು ಹಳದಿ, ಆಮೇಲೆ ಕಂದು, ತಲೆ ಕಡೆ ಹೆಚ್ಚು ಕಪ್ಪು. ಸೂಜಿಯಿಂದ ಎತ್ತಿದರೆ ಚರ್ಮ ನೀರು ತುಂಬಿದ ಸಣ್ಣ ಚೀಲದ ಹಾಗೆ ಜೋತು ಬೀಳುತ್ತದೆ.

ಮೊದಲ ಮೆಸೇಜು ಬಂತು: 'ಮರಿ ಬೆಳ್ಳಗಿದೆ. ಸುತ್ತಿಕೊಂಡಿದೆ.'

ಉಸಿರು ಬಿಟ್ಟೆ. ಬಿಟ್ಟ ಉಸಿರು ಪೂರ್ತಿ ಹೊರಗೆ ಬರುವ ಮೊದಲೇ ಇನ್ನೊಂದು: 'ಒಂದು ಉದ್ದಕ್ಕೆ ಚಾಚಿದೆ. ಪಕ್ಕದವರೂ ನೋಡಿದ್ರು. ಅದೇ ಅಂತಿದಾರೆ. ಮುಗೀತು.'

ಕೂಡಲೇ ಫೋನು ಮಾಡಿದೆ. ಈ ಸಲ ಎತ್ತಿದ್ದು ಪಕ್ಕದವರು. "ನೋಡಿ ಮೇಡಂ, ನೀವು ಸಾಗರದಲ್ಲಿ ಕೂತು ಹೇಳೋದು ಸುಲಭ. ಹೋಗೋದು ನನ್ನ ಪೆಟ್ಟಿಗೆ."

"ನಿಮ್ಮ ಹೆದರಿಕೆ ಸರಿಯೇ. ಒಂದೇ ಒಂದು ಕೇಳ್ತೀನಿ. ಆ ಮರಿ ಬಾಯಿ ತೆರೆದ ಕೋಣೆಯಲ್ಲಿತ್ತಾ, ಮೇಣದ ಮುಚ್ಚಳ ಇದ್ದ ಕೋಣೆಯಲ್ಲಿತ್ತಾ?"

ಸ್ವಲ್ಪ ಹೊತ್ತು ಅವರವರಲ್ಲೇ ಮಾತಾಯಿತು. ಮುಚ್ಚಳವಿದ್ದ ಕೋಣೆಯನ್ನು ಕಂಡಕ್ಟರೇ ಕಡ್ಡಿಯಲ್ಲಿ ಕಿತ್ತು ನೋಡಿದ್ದರು.

"ಹಾಗಾದ್ರೆ ಚಾಚಿರೋದು ತಪ್ಪಲ್ಲ. ಮುಚ್ಚಳ ಬಿದ್ದ ಮೇಲೆ ಆರೋಗ್ಯದ ಮರಿಯೂ ಮೈ ಚಾಚುತ್ತೆ, ಹುಳದ ಆಕಾರಕ್ಕೆ ಬರೋ ಮುಂಚೆ. ಬಣ್ಣ ನೋಡಿ, ಸೂಜೀಲಿ ಎತ್ತಿ ನೋಡಿ. ನೀರಿನ ಚೀಲ ಆಗುತ್ತಾ, ಗಟ್ಟಿಯಾಗಿ ಬರುತ್ತಾ?"

ಸೂಜಿ ಹುಡುಕಿ ತಂದರು. ಹನಿ ಬಿತ್ತು, ಕೊಡೆ ಸರಿಯಾಗಿ ಹಿಡಿಯೇ ಎಂದು ಒಬ್ಬರು, ನಿಮ್ಮ ತಲೆಗೆ ಹಿಡಿಲೋ ಹುಳಕ್ಕೆ ಹಿಡಿಲೋ ಎಂದು ಇನ್ನೊಬ್ಬರು.

"ಬೆಳ್ಳಗಿದೆ" ಎಂದರು ಪಕ್ಕದವರು. ದನಿ ಇಳಿದಿತ್ತು. "ಗಟ್ಟಿ ಬಂತು. ಚೀಲ ಗೀಲ ಇಲ್ಲ."

"ಇನ್ನೂ ನಾಲ್ಕೈದು ಕೋಣೆ, ಬೇರೆ ಬೇರೆ ಎರಿಯಲ್ಲಿ ನೋಡಿ ದಯವಿಟ್ಟು. ಒಂದನ್ನು ನೋಡಿ ನಾನೂ ನಂಬಲ್ಲ. ಫೋಟೋ ತೆಗೆದು ಕಳಿಸಿ."

ನೋಡಿದರು. ಎಲ್ಲವೂ ಹಾಗೆಯೇ ಇದ್ದವು. ಫೋಟೋಗಳು ಒಂದೊಂದಾಗಿ ಬಂದವು. ನಾನು ಅವನ್ನು ತಜ್ಞರಿಗೆ ದಾಟಿಸಿದೆ. ಸಂಜೆ ಬೆಳಕಿರುವಾಗಲೇ ಅವರು ಆಗುಂಬೆಯಿಂದ ತೀರ್ಥಹಳ್ಳಿಗೆ ಬಂದಿದ್ದರು, ಫೋನು ಮಾಡಿದರು. "ಭೇದಿಯೇ. ಮರಿ ಚೆನ್ನಾಗಿದೆ. ಸುಡೋದು ಬೇಡ ಅನ್ನಿ. ಎರಡು ಕಡೆಯವರೂ ಎರಿ ಅದಲುಬದಲು ಮಾಡೋದು ಬೇಡ, ನಾನು ಬಂದು ನೋಡೋವರೆಗೆ." ಅದನ್ನು ನನ್ನ ಮಾತಾಗಿ ಹೇಳದೆ ಅವರ ಮಾತಾಗಿಯೇ ದಾಟಿಸಿದೆ. ಯಾರು ನೋಡಿ ಹೇಳಿದ್ದು ಎಂದು ತಿಳಿಯುವುದು ಅವರ ಹಕ್ಕು.

ಆಮೇಲೆ ಮದ್ದು. ಮದ್ದೆಂದರೆ ಸಕ್ಕರೆಯೇ. ಜೋನಿ ಇಟ್ಟ ಪಾತ್ರೆ ತೆಗೆದು ತೊಳೆಯುವುದು. ಎರಿಯಲ್ಲಿ ಜೋನಿ ತುಂಬಿಟ್ಟ ಭಾಗ ಕಪ್ಪಾಗಿ ಕಾಣುತ್ತದೆ, ಮರಿ ಇಲ್ಲದ ಕಡೆಯಾದರೆ ಅಷ್ಟನ್ನು ಕತ್ತರಿಸಿ ತೆಗೆಯುವುದು. ತಳದ ಹಲಗೆ ಕೆರೆದು ಒರೆಸಿ, ಪೆಟ್ಟಿಗೆಯನ್ನು ಒಂದಿಷ್ಟು ಮುಂದಕ್ಕೆ ಬಾಗಿಸಿಡುವುದು, ಒಳಗೆ ನೀರು ನಿಲ್ಲದ ಹಾಗೆ. ನೀರು ಕುದಿಸಿ, ಒಲೆಯಿಂದ ಇಳಿಸಿದ ಮೇಲೆ ಅದರ ಎರಡು ಪಾಲು ಬಿಳಿ ಸಕ್ಕರೆ ಹಾಕಿ ಕರಗಿಸುವುದು. ಮಳೆಗಾಲದಲ್ಲಿ ದ್ರಾವಣಕ್ಕೆ ನೀರು ಹೆಚ್ಚಾದರೆ ಅದನ್ನು ಒಣಗಿಸಿ ಗಟ್ಟಿ ಮಾಡಲು ಹುಳಗಳಿಗೆ ಕಷ್ಟ.

"ಎಳೆ ಪಾಕ ಬರೋವರೆಗೆ ಕಾಸ್ಲಾ?" ಎಂದು ಮನೆಯಾಕೆ ಫೋನಿನಲ್ಲೇ ಕೇಳಿದರು.

"ಬೇಡ ಅಕ್ಕ, ಲಾಡು ಮಾಡ್ತಿಲ್ಲ ನಾವು. ಸಕ್ಕರೆ ಕಂದಿದ್ರೆ ಅದೂ ಹೊಟ್ಟೆ ಕೆಡಿಸುತ್ತೆ. ಕರಗಿದ್ರೆ ಸಾಕು."

ತಣ್ಣಗಾದದ್ದನ್ನು ತೆಂಗಿನ ಕರಟದಲ್ಲಿ ಹಾಕಿ, ಹುಳ ಮುಳುಗದ ಹಾಗೆ ನಾಲ್ಕು ಕಡ್ಡಿ ತೇಲಿಸಿ, ಪೆಟ್ಟಿಗೆಯ ಒಳಗೆ ಎರಿಗಳ ಮೇಲೆ ಇಡಬೇಕು. ಹೊರಗೆ ಇಡಬಾರದು, ಹಗಲು ಕೊಡಬಾರದು, ಪಕ್ಕದವರ ಹುಳ ವಾಸನೆ ಹಿಡಿದು ದರೋಡೆಗೆ ಬರುತ್ತದೆ. ಹುಳವೆಲ್ಲ ಒಳಗೆ ಸೇರುವ ಹೊತ್ತಿಗೆ ಕೊಡಬೇಕು, ಬಾಗಿಲು ಎರಡು ಹುಳ ಹೋಗುವಷ್ಟೇ ಸಣ್ಣ ಮಾಡಬೇಕು. ಅವತ್ತು ಸುಡಲೆಂದು ಕಾದಿದ್ದ ಹೊತ್ತಿಗೆ ಸರಿಯಾಗಿ ಗಂಡ ಹೆಂಡತಿ ಕರಟ ಇಟ್ಟರು. ಪಕ್ಕದವರು ಮನೆಯಿಂದ ಸಕ್ಕರೆ ತಂದುಕೊಟ್ಟರಂತೆ.

"ನನ್ನ ತವರಿನ ಜೋನಿ, ಒಂದು ಡಬ್ಬ, ಹುಳದ ಹೊಟ್ಟೆಗೆ ಹಾಕಿ ಕೊಂದ್ರಲ್ಲ ಇವ್ರು" ಎಂದು ಮನೆಯಾಕೆ ಫೋನು ಇಡುವ ಮೊದಲು ಹೇಳಿದರು. "ಕೊಡಬಾರ್ದು ಅಂತ ಅವತ್ತೇ ಒಂದು ಮಾತು ಹೇಳಿದ್ರೆ ಜೋನಿಯಾದ್ರೂ ಉಳೀತಿತ್ತು."

"ಹೌದಕ್ಕ" ಎಂದೆ.

ಮಾರನೆಯ ದಿನ ಕಾರ್ಯದರ್ಶಿಗಳ ಹತ್ತಿರ ಮಾತಾಡಿದೆ. ಸಿದ್ಧ ಉತ್ತರಗಳನ್ನು ತೆಗೆಯುವುದು ಬೇಡ, ಅವೂ ಬೇಕು, ಕಚೇರಿಯ ವೇಳೆ ಹೇಳಲು ಯಾರಿಗೂ ಕಾವ್ಯ ಬೇಕಿಲ್ಲ. ಆದರೆ 'ಸಿಹಿ ದ್ರಾವಣ' ಎಂಬಲ್ಲಿ 'ಬಿಳಿ ಸಕ್ಕರೆ ಮಾತ್ರ, ಬೆಲ್ಲ ಜೋನಿ ಬೇಡ' ಎಂದು ಬರೆಯೋಣ, ಗೊತ್ತಿಲ್ಲದ ಪ್ರಶ್ನೆ ಬಂದರೆ 'ಗೊತ್ತಿಲ್ಲ, ಕೇಳಿ ಹೇಳ್ತೀವಿ' ಎಂದು ಬರೆಯೋಣ ಎಂದೆ. ತಾನಾಗಿ ಹೋಗುವ ಸ್ವಾಗತ ಹಳೆಯ ಸದಸ್ಯರಿಗೆ ಬೇಡ ಎಂದೆ. ಅವರು ಜೇನುಹುಳದ ಚಿತ್ರಕ್ಕಾಗಿ ಸ್ವಲ್ಪ ಬೇಜಾರು ಮಾಡಿಕೊಂಡು ಒಪ್ಪಿದರು. ಲೆಕ್ಕದವರು 'ಗೊತ್ತಿಲ್ಲ' ಎಂಬ ಸಿದ್ಧ ಉತ್ತರವನ್ನು ತಾವೇ ಟೈಪ್ ಮಾಡಿ ಉಳಿಸಿಟ್ಟರು. "ಇದೊಂದು ನನಗೆ ಚೆನ್ನಾಗಿ ಬರುತ್ತೆ" ಎಂದರು.

ತಜ್ಞರು ಹೋಗಿ ನೋಡಿ ಬಂದರು. ಖಾಲಿಯಾಗುತ್ತಿದ್ದ ಪೆಟ್ಟಿಗೆ ಉಳಿಯಲಿಲ್ಲ, ರಾಣಿಯೂ ಸತ್ತಿತ್ತು. ಉಳಿದ ನಾಲ್ಕರಲ್ಲಿ ರಾಣಿ ಇದೆ, ಮೊಟ್ಟೆಯಿದೆ. ಆದರೆ ಗೆದ್ದವೆಂದು ಈಗಲೇ ಹೇಳಲಾಗದು, ಒಂದು ಬಿಸಿಲು ಬಿದ್ದು ಹೊರಗೆ ಹಾರಿ ಹೊಟ್ಟೆ ಖಾಲಿ ಮಾಡಿಕೊಂಡರೆ ಬದುಕಿದ ಹಾಗೆ ಎಂದರು. ಹಾಗೆಂದೇ ನಾನೂ ಕಂಡಕ್ಟರಿಗೆ ಬರೆದೆ, ಮಾತಿಗೆ ಸಕ್ಕರೆ ಹಚ್ಚಲಿಲ್ಲ. ಮಳೆ ಬಿಡಲಿಲ್ಲ. ದಿನಾ ಬೆಳಿಗ್ಗೆ ಆಫೀಸಿನ ಕಿಟಕಿ ತೆಗೆದವಳು ಪಶ್ಚಿಮಕ್ಕೆ ನೋಡುವುದು ಅಭ್ಯಾಸವಾಯಿತು. ಇಲ್ಲಿಯ ಆಕಾಶ ನೋಡಿ ನಗರದ ಮೋಡ ತಿಳಿಯುವುದಿಲ್ಲ ಎಂದು ಗೊತ್ತಿದ್ದರೂ ನೋಡುತ್ತಿದ್ದೆ.

ಒಂದು ಮಧ್ಯಾಹ್ನ, ಊಟದ ಡಬ್ಬಿ ಮುಚ್ಚಳ ತೆಗೆಯುವಾಗ ಅವರ ಫೋನು.

"ಅಮ್ಮಾ, ಕೆಲಸ ಕೆಟ್ಟಿದೆ!"

ಡಬ್ಬಿಯನ್ನು ಪಕ್ಕಕ್ಕೆ ಸರಿಸಿದೆ. ಹಿಂದೆ ಮನೆಯಾಕೆಯ ದನಿ ಜೋರಾಗಿ ಏನೋ ಬೈಯುತ್ತಿತ್ತು.

"ಬಿಸಿಲು ಬಂತು ಅಂತ ಇವಳು ವಾರದ ಬಟ್ಟೆ ಎಲ್ಲ ಒಗೆದು ಅಂಗಳದಲ್ಲಿ ಹರವಿದ್ಲು. ನಾಲ್ಕೂ ಪೆಟ್ಟಿಗೆಯವು ಒಟ್ಟಿಗೆ ಎದ್ದು ಆಕಾಶದ ತುಂಬ ಸುತ್ತು ಹೊಡೆದ್ವು ನೋಡಿ, ಒಂದು ಬಟ್ಟೆ ಬಿಟ್ಟಿಲ್ಲ. ಬಿಳಿ ಪಂಚೆ, ಇವಳ ಹೊಸ ಸೀರೆ, ದಿಂಬಿನ ಚೀಲ, ಎಲ್ಲದರ ಮೇಲೂ ಹಳದಿ ಚುಕ್ಕಿ!"

"ಹುಳ ವಾಪಸ್ ಬಂದ್ವಾ?"

"ಬಂದ್ವು, ಬಂದ್ವು. ಹಗುರಾಗಿ ಬಂದು ಇಳಿದ್ವು. ಬಾಗಿಲಲ್ಲಿ ರೆಕ್ಕೆ ಬೀಸ್ತಾ ನಿಂತಿದಾವೆ." ಗಡುಸು ದನಿ ಸ್ವಲ್ಪ ಒದ್ದೆಯಾದ ಹಾಗಿತ್ತು. "ಈಗ ಇಡ್ತೀನಮ್ಮ. ಬಕೆಟ್ ನನ್ನ ಕೈಗೆ ಕೊಟ್ಟಿದಾಳೆ, ಎಲ್ಲ ನಾನೇ ಇನ್ನೊಂದ್ಸಲ ಒಗೀಬೇಕಂತೆ."